ಎರಡು ಲಕ್ಷ ಹೆಚ್ಚಿಗೆ ಮೊದಲೇ ಕಟ್ಟಿದರೆ ಕಾರಿನ ಸಾಲದಲ್ಲಿ ಉಳಿತಾಯವೆಷ್ಟು

ಕಲಬುರಗಿಯಲ್ಲಿ ಕಾರು ಕೊಳ್ಳುವ ಮೊದಲು ನಾನು ಹಾಕಿಕೊಂಡ ಲೆಕ್ಕವಿದು. ಬಡ್ಡಿ ದರ ಬ್ಯಾಂಕಿನಿಂದ ಬ್ಯಾಂಕಿಗೆ ಬದಲಾಗುತ್ತದೆ, ನಿಮ್ಮ ದರ ಹಾಕಿಕೊಂಡು ಇದೇ ದಾರಿಯಲ್ಲಿ ನೋಡಬಹುದು.

ಕಾರಿನ ಎಕ್ಸ್ ಶೋರೂಮ್ ಬೆಲೆ 8,25,000 ರೂಪಾಯಿ. ಆ ಬೆಲೆಯ ಕಾರಿಗೆ ರಾಜ್ಯದ ಆಜೀವ ತೆರಿಗೆ 14%, ಆ ತೆರಿಗೆಯ ಮೇಲೆ 11% ಸೆಸ್. ಎರಡೂ ಸೇರಿ 1,28,205 ಆಯಿತು. ವಿಮೆ, ಫಾಸ್ಟ್ಯಾಗ್, ನೋಂದಣಿಯ ಚಿಲ್ಲರೆ ಖರ್ಚು ಎಲ್ಲ ಕೂಡಿಸಿ ಕೆಎ-32 ನಂಬರ್ ಬಿದ್ದು ರಸ್ತೆಗಿಳಿಯುವ ಹೊತ್ತಿಗೆ 10 ಲಕ್ಷ. ಇಲ್ಲಿ ಒಂದು ಮಾತು ಮೊದಲೇ ಕೇಳಿಕೊಳ್ಳಬೇಕು: ಬ್ಯಾಂಕು ಕೊಡುವ ಶೇಕಡಾವಾರು ಸಾಲ ಯಾವ ಬೆಲೆಯ ಮೇಲೆ? "85% ಲೋನ್" ಎಂದದ್ದು ಎಕ್ಸ್ ಶೋರೂಮ್ ಬೆಲೆಯ ಮೇಲಾದರೆ ಸಿಗುವುದು 7,01,250 ಅಷ್ಟೇ, ಕೈಯಿಂದ ಹಾಕಬೇಕಾದದ್ದು ಮೂರು ಲಕ್ಷದ ಹತ್ತಿರ. ಆನ್ ರೋಡ್ ಬೆಲೆಯ ಮೇಲಾದರೆ ಒಂದೂವರೆ ಲಕ್ಷ ಸಾಕು. ಶೇಕಡಾ ಒಂದೇ, ಜೇಬಿನ ಮೇಲೆ ಬೀಳುವ ಭಾರ ದುಪ್ಪಟ್ಟು.

ನನ್ನ ಮುಂದಿದ್ದವು ಎರಡು ದಾರಿ. ಎರಡು ಲಕ್ಷ ಡೌನ್ ಪೇಮೆಂಟ್ ಕಟ್ಟಿ 8 ಲಕ್ಷ ಸಾಲ, ಇಲ್ಲವೇ ನಾಲ್ಕು ಲಕ್ಷ ಕಟ್ಟಿ 6 ಲಕ್ಷ ಸಾಲ. ಬಡ್ಡಿ 9.5%, ಉಳಿದ ಅಸಲಿನ ಮೇಲೆ ಲೆಕ್ಕ ಹಾಕುವಂಥದ್ದು. ಅವಧಿ 60 ತಿಂಗಳು. ಎಕ್ಸೆಲ್‌ನಲ್ಲಿ ಒಂದೇ ಸಾಲು ಬರೆದರೆ ಸಾಕು:

```
=PMT(0.095/12, 60, -100000)
```

ಉತ್ತರ 2,100.19. ಅಂದರೆ ಈ ದರ, ಈ ಅವಧಿಗೆ ಒಂದು ಲಕ್ಷ ಸಾಲದ ಕಂತು 2,100 ರೂಪಾಯಿ, ಐದು ವರ್ಷದ ಬಡ್ಡಿ 26,011. ಇದೊಂದು ಅಂಕಿ ತಲೆಯಲ್ಲಿದ್ದರೆ ಉಳಿದದ್ದೆಲ್ಲ ಬಾಯಿಲೆಕ್ಕ. 8 ಲಕ್ಷಕ್ಕೆ ಕಂತು 16,801, ಬಡ್ಡಿ 2,08,089. 6 ಲಕ್ಷಕ್ಕೆ ಕಂತು 12,601, ಬಡ್ಡಿ 1,56,067. ಎರಡು ಲಕ್ಷ ಹೆಚ್ಚಿಗೆ ಕಟ್ಟಿದ್ದಕ್ಕೆ ತಿಂಗಳಿಗೆ 4,200, ಒಟ್ಟು ಬಡ್ಡಿಯಲ್ಲಿ 52,022 ಉಳಿತಾಯ.

ಶೋರೂಮಿನಲ್ಲಿ ಫೈನಾನ್ಸ್ ನೋಡುವ ಹುಡುಗನ ವಾದ ಬೇರೆ. "ರೊಕ್ಕ ಕೈಯಾಗ ಇರ್ಲಿ ಬಿಡ್ರಿ ಸರ್. ಎರಡು ಲಕ್ಷ ಎಫ್‌ಡಿ ಇಟ್ರ ಐದು ವರ್ಷಕ್ಕ ಎಂಬತ್ತು ಸಾವಿರದ ಮ್ಯಾಲ ಬಡ್ಡಿ ಬರ್ತದ. ನೀವು ಉಳಸೋದು ಐವತ್ತೆರಡು ಸಾವಿರ." ಅವನ ಅಂಕಿ ಸುಳ್ಳಲ್ಲ. 7% ದರದಲ್ಲಿ ಮೂರು ತಿಂಗಳಿಗೊಮ್ಮೆ ಬಡ್ಡಿ ಸೇರುತ್ತ ಹೋದರೆ 2 ಲಕ್ಷ ಐದು ವರ್ಷಕ್ಕೆ 2,82,956 ಆಗುತ್ತದೆ. ಹಾಗಿದ್ದರೆ 9.5% ಸಾಲಕ್ಕಿಂತ 7% ಠೇವಣಿ ಲಾಭವೇ? ಇಲ್ಲಿಯೇ ಬಹಳ ಜನ ಎಡವುವುದು.

ಎಫ್‌ಡಿಯಲ್ಲಿಟ್ಟ ಎರಡು ಲಕ್ಷ ಐದು ವರ್ಷ ಪೂರ್ತಿ ದುಡಿಯುತ್ತದೆ. ಸಾಲದಲ್ಲಿರುವ ಎರಡು ಲಕ್ಷ ಹಾಗಲ್ಲ, ಪ್ರತಿ ಕಂತಿಗೂ ಕರಗುತ್ತ ಬರುತ್ತದೆ. ಆದ್ದರಿಂದ ಅದರ ಬಡ್ಡಿ ಕಡಿಮೆ ಕಾಣುತ್ತದೆ. ಅದನ್ನು ಕರಗಿಸುತ್ತಿರುವುದು ನಿಮ್ಮ ಸಂಬಳದಿಂದ ಹೋಗುವ ತಿಂಗಳ 4,200. ಹುಡುಗನ ಲೆಕ್ಕದಲ್ಲಿ ಬಿಟ್ಟುಹೋದದ್ದು ಅದೇ. ಡೌನ್ ಪೇಮೆಂಟ್ ಹೆಚ್ಚು ಕಟ್ಟಿದವನಿಗೆ ಆ 4,200 ತಿಂಗಳು ತಿಂಗಳು ಕೈಯಲ್ಲಿ ಉಳಿಯುತ್ತದೆ. ಅದನ್ನು ಅದೇ 7% ದರದ ಆರ್‌ಡಿಗೆ ಹಾಕಿದರೆ 60 ತಿಂಗಳಿಗೆ ಸುಮಾರು 3 ಲಕ್ಷ. 2.83 ಲಕ್ಷದ ಪಕ್ಕ 3 ಲಕ್ಷ ಇಟ್ಟು ನೋಡಿದರೆ ಯಾವುದು ಮೇಲು ಎಂದು ಕಾಣುತ್ತದೆ. ಠೇವಣಿಯ ಬಡ್ಡಿಗೆ ಆದಾಯ ತೆರಿಗೆ ಬೇರೆ ಇದೆ, ಉಳಿಸಿದ ಬಡ್ಡಿಗೆ ತೆರಿಗೆ ಇಲ್ಲ. ಆದರೆ ಒಂದು ಷರತ್ತು: ಉಳಿದ 4,200 ಖರ್ಚಾಗಿ ಹೋದರೆ ಈ ಲೆಕ್ಕ ನಿಲ್ಲುವುದಿಲ್ಲ. ವ್ಯಾಪಾರಕ್ಕೆ ಕೊಂಡ ವಾಹನದ ಬಡ್ಡಿಯನ್ನು ಖರ್ಚಿನಲ್ಲಿ ತೋರಿಸುವವರಿಗೂ ಲೆಕ್ಕ ಸ್ವಲ್ಪ ಬೇರೆಯಾಗುತ್ತದೆ.

ಹಣ ಖರ್ಚಾಗಿ ಹೋಗುವ ಭಯವಿದ್ದವರಿಗೆ ಆರ್‌ಡಿಗಿಂತ ಒಳ್ಳೆಯದು ಅವಧಿಯನ್ನೇ ಕತ್ತರಿಸುವುದು. ನಾನು ಆರಿಸಿಕೊಂಡದ್ದೂ ಇದನ್ನೇ. 6 ಲಕ್ಷವನ್ನು 60ರ ಬದಲು 48 ತಿಂಗಳಿಗೆ ಹಾಕಿದರೆ ಕಂತು 15,074, ಒಟ್ಟು ಬಡ್ಡಿ 1,23,547. 8 ಲಕ್ಷ ಸಾಲದ ಕಂತಿಗಿಂತ ಇದು 1,727 ಕಡಿಮೆಯೇ, ಬಡ್ಡಿಯಲ್ಲಿ ಉಳಿತಾಯ 84,542, ಸಾಲ ಒಂದು ವರ್ಷ ಮೊದಲೇ ತೀರುತ್ತದೆ. ಡೌನ್ ಪೇಮೆಂಟ್ ಹೆಚ್ಚಿಸಿ ಅವಧಿಯನ್ನು ಹಾಗೇ ಬಿಡುವುದು ಅರ್ಧ ಕೆಲಸ.

ಕೈಯಲ್ಲಿದ್ದದ್ದನ್ನೆಲ್ಲ ಸುರಿಯಲಿಲ್ಲ. ಆರು ತಿಂಗಳ ಮನೆ ಖರ್ಚು, ಒಂದು ವರ್ಷದ ವಿಮೆಯ ಹಣ ಪಕ್ಕಕ್ಕಿಟ್ಟ ಮೇಲೆ ಉಳಿದದ್ದೇ ನಾಲ್ಕು ಲಕ್ಷ. ಆಸ್ಪತ್ರೆ ಖರ್ಚು ಬಂತೆಂದು ನಾಳೆ ಪರ್ಸನಲ್ ಲೋನ್ ತೆಗೆದರೆ ಅದರ ದರ ಕಾರಿನ ಸಾಲಕ್ಕಿಂತ ಮೇಲೆಯೇ ಇರುತ್ತದೆ, ಉಳಿಸಿದ್ದು ಅಲ್ಲಿ ಹೋಗುತ್ತದೆ.

ನಮ್ಮ ಕಡೆ ತೊಗರಿ ಮಾರಿದ ಮೇಲೆ ಕಟ್ಟಿದರಾಯಿತು ಎನ್ನುವವರು ಬಹಳ. ಈಗ 8 ಲಕ್ಷ ಸಾಲ ಮಾಡಿ, ಬರುವ ವರ್ಷ ರಾಶಿ ಮುಗಿದ ಮೇಲೆ ಎರಡು ಲಕ್ಷ ತುಂಬುತ್ತೇನೆ ಎಂದರೆ ಏನಾಗುತ್ತದೆ? ಆ ಎರಡು ಲಕ್ಷದ ಪಾಲಿನ 52,022 ಬಡ್ಡಿಯಲ್ಲಿ 17,595 ಮೊದಲ ಹನ್ನೆರಡು ತಿಂಗಳಲ್ಲೇ ಹೋಗಿರುತ್ತದೆ, ಮೂರರಲ್ಲಿ ಒಂದು ಪಾಲು. ಮೇಲಾಗಿ ಸ್ಥಿರ ದರದ ಸಾಲಕ್ಕೆ ಮುಂಗಡ ಪಾವತಿ ಶುಲ್ಕ ಇರಬಹುದು. 3% ಎಂದರೆ ಜಿಎಸ್‌ಟಿ ಸೇರಿ ಎರಡು ಲಕ್ಷಕ್ಕೆ 7,080. ರಾಶಿಗೆ ಎರಡು ಮೂರು ತಿಂಗಳಷ್ಟೇ ಇದ್ದರೆ ಕಾರನ್ನೇ ಅಷ್ಟು ದಿನ ಮುಂದೂಡುವುದು ಅಗ್ಗ.

ಅಸಲು ಕರಗಿದರೂ ಮೊದಲಿನ ಪೂರ್ತಿ ಸಾಲದ ಮೇಲೆಯೇ ಕೊನೆಯವರೆಗೂ ಬಡ್ಡಿ ಹಾಕುವ ಫ್ಲಾಟ್ ದರದ ಮಾತು ಬಂದರೆ ಎಚ್ಚರ. 26,011ನ್ನು ಐದು ವರ್ಷಕ್ಕೆ ಭಾಗಿಸಿದರೆ 5,202. ಅಂದರೆ ಬ್ಯಾಂಕಿನ 9.5% ಮತ್ತು ಫ್ಲಾಟ್ 5.2% ಒಂದೇ. "ಬರೇ ಆರು ಪರ್ಸೆಂಟ್" ಎಂದು ಯಾರಾದರೂ ಫ್ಲಾಟ್ ದರ ಹೇಳಿದರೆ ಅದು ದುಬಾರಿ ಸಾಲ. ಬ್ಯಾಂಕು ಸಹಿಗೆ ಮೊದಲು ಕೊಡುವ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್‌ನಲ್ಲಿ ವಾರ್ಷಿಕ ಶೇಕಡಾವಾರು ದರ, ಅಂದರೆ ಎಪಿಆರ್, ಇರುತ್ತದೆ. ಹೋಲಿಸಬೇಕಾದದ್ದು ಆ ಅಂಕಿಯನ್ನು.

ಇನ್ನೊಂದು ಮೋಸ ಸದ್ದಿಲ್ಲದೆ ನಡೆಯುತ್ತದೆ. ನೀವು ನಾಲ್ಕು ಲಕ್ಷ ಕಟ್ಟುತ್ತೀರಿ, ಸೀಟ್ ಕವರ್, ಹೆಚ್ಚುವರಿ ವಾರಂಟಿ, ಸಾಲದ ವಿಮೆ ಎಂದು ಏನೇನೋ ಸೇರಿ ಸಾಲದ ಮೊತ್ತ ಮತ್ತೆ ಮೇಲೇರುತ್ತದೆ. ಇದನ್ನು ಕಂತಿನಿಂದಲೇ ಹಿಡಿಯಬಹುದು. 60 ತಿಂಗಳ 6 ಲಕ್ಷಕ್ಕೆ ಕಂತು 12,601 ಬರಬೇಕು. ಪತ್ರದಲ್ಲಿ 12,900 ಎಂದಿದ್ದರೆ ಹೆಚ್ಚಿರುವುದು 299. ಲಕ್ಷಕ್ಕೆ 2,100ರಂತೆ ಭಾಗಿಸಿದರೆ ಹದಿನಾಲ್ಕು ಸಾವಿರದಷ್ಟು ಏನೋ ಸಾಲದೊಳಗೆ ಕೂತಿದೆ. ಏನೆಂದು ಅಲ್ಲೇ ಕೇಳಬೇಕು. ಸಾಲದ ವಿಮೆ ಕಡ್ಡಾಯ ಎಂದರೆ ಬರೆದು ಕೊಡಿ ಎನ್ನಬೇಕು.

ಡೌನ್ ಪೇಮೆಂಟನ್ನು ಡೀಲರ್ ಖಾತೆಗೇ ವರ್ಗಾಯಿಸಿ ಪೂರ್ತಿ ಮೊತ್ತದ ರಸೀದಿ ತೆಗೆದುಕೊಳ್ಳಿ. ಸಾಲದ ಹಣ ಬಿಡುಗಡೆ ಮಾಡುವ ಮೊದಲು ಬ್ಯಾಂಕು ಅದನ್ನು ಕೇಳುತ್ತದೆ. ಕೊನೆಗೆ ಕಂತಿನ ಪಟ್ಟಿ ತರಿಸಿ ಮೊದಲ ಸಾಲು ನೋಡಿ. 6 ಲಕ್ಷಕ್ಕೆ ಒಂದು ಪೂರ್ತಿ ತಿಂಗಳ ಬಡ್ಡಿ 4,750. 15,074ರ ಕಂತಾದರೆ ಉಳಿದ 10,324 ಅಸಲಿಗೆ ಹೋಗಬೇಕು.