ಅಮ್ಮನ ಮಾತ್ರೆಗೆ ಅಲಾರಂ, ಮಕ್ಕಳಿಗೆ ನೋಟಿಫಿಕೇಷನ್: ಎರಡನ್ನೂ ಹೊಂದಿಸುವುದು ಹೇಗೆ?

ಊರಿನಲ್ಲಿ ಒಬ್ಬರೇ ಇರುವ ಅಮ್ಮನಿಗೋ ಅಪ್ಪನಿಗೋ ಮಾತ್ರೆ ನೆನಪಿಸಲು ನಮ್ಮಲ್ಲಿ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ಹಬ್ಬಕ್ಕೆ ಹೋದಾಗ ಅವರ ಫೋನಿನಲ್ಲಿ ನಾಲ್ಕು ಅಲಾರಂ ಇಟ್ಟು ಬರುತ್ತಾರೆ. ಮೊದಲ ವಾರ ಚೆನ್ನಾಗಿ ನಡೆಯುತ್ತದೆ. ಆಮೇಲೆ ಅಲಾರಂ ಹೊಡೆದಾಗ ಅಮ್ಮ ಒಲೆ ಬಿಟ್ಟು ಬಂದು ಅದನ್ನು ನಿಲ್ಲಿಸುತ್ತಾರೆ, ಮತ್ತೆ ಒಲೆ ಹತ್ತಿರ ಹೋಗುತ್ತಾರೆ. ಮಾತ್ರೆ ಡಬ್ಬಿಯಲ್ಲೇ ಉಳಿಯುತ್ತದೆ. ಸಂಜೆ ಫೋನ್ ಮಾಡಿ ಕೇಳಿದರೆ, "ತಗೊಂಡೆ ಅನ್ಸುತ್ತೆ ಕಣೋ" ಎನ್ನುತ್ತಾರೆ.

ಈ "ಅನ್ಸುತ್ತೆ"ಯೇ ತಾಪತ್ರಯ. ತಗೊಂಡಿಲ್ಲವೇನೋ ಎಂದು ಇನ್ನೊಂದು ನುಂಗಿದರೆ ಡೋಸ್ ಎರಡಾಗುತ್ತದೆ. ಹಾಗಾಗಿ ಏರ್ಪಾಡಿಗೆ ಮೂರು ಭಾಗ ಬೇಕು: ನೆನಪಿಸುವ ಅಲಾರಂ, ತಗೊಂಡದ್ದು ಕಣ್ಣಿಗೆ ಕಾಣುವ ಡಬ್ಬಿ, ತಗೊಳ್ಳದಿದ್ದರೆ ಮಕ್ಕಳಿಗೆ ಗೊತ್ತಾಗುವ ದಾರಿ.

ಒಂದು ಮನೆಯನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ಸಾಗರದಲ್ಲಿ 74 ವರ್ಷದ ಅಮ್ಮ. ಮಗ ಬೆಂಗಳೂರಿನಲ್ಲಿ, ಮಗಳು ನ್ಯೂಜೆರ್ಸಿಯಲ್ಲಿ. ಅಮ್ಮನಿಗೆ ಥೈರಾಯ್ಡ್, ಬಿಪಿ, ಶುಗರ್ ಮೂರೂ ಇವೆ. ಜೊತೆಗೆ ಕ್ಯಾಲ್ಸಿಯಂ ಮತ್ತು ಎಂಟು ವಾರದ ಮಟ್ಟಿಗೆ ವಾರಕ್ಕೊಂದು ವಿಟಮಿನ್ ಡಿ.

ಮೊದಲು ಚೀಟಿ, ಆಮೇಲೆ ಫೋನ್

ಡಾಕ್ಟರ ಚೀಟಿಯಲ್ಲಿ 1-0-1 ಎಂದಿದ್ದರೆ ಬೆಳಿಗ್ಗೆ ಒಂದು, ರಾತ್ರಿ ಒಂದು ಎಂದರ್ಥ. ಅದು ಗಡಿಯಾರದ ಹೊತ್ತನ್ನು ಹೇಳುವುದಿಲ್ಲ. ಹೊತ್ತನ್ನು ಅಮ್ಮನ ದಿನಚರಿ ನೋಡಿ ನಾವೇ ಗೊತ್ತು ಮಾಡಬೇಕು.

ಥೈರಾಯ್ಡ್ ಮಾತ್ರೆ ಖಾಲಿ ಹೊಟ್ಟೆಗೆ, ಬರೀ ನೀರಿನಲ್ಲಿ. ತಿಂಡಿ, ಕಾಫಿ ಎಲ್ಲ ಅರ್ಧದಿಂದ ಒಂದು ಗಂಟೆ ಆದ ಮೇಲೆ. ಕ್ಯಾಲ್ಸಿಯಂ ಮಾತ್ರೆ ಇದ್ದರೆ ಥೈರಾಯ್ಡ್ ಮಾತ್ರೆ ಸರಿಯಾಗಿ ಮೈಗೆ ಹತ್ತುವುದಿಲ್ಲ, ಎರಡರ ನಡುವೆ ನಾಲ್ಕು ಗಂಟೆ ಅಂತರ ಬೇಕು. ಆದ್ದರಿಂದ ಕ್ಯಾಲ್ಸಿಯಂ ಮಧ್ಯಾಹ್ನದ ಊಟಕ್ಕೆ ಹೋಯಿತು. ಬಿಪಿ ಮಾತ್ರೆ ಮತ್ತು ಶುಗರ್ ಮಾತ್ರೆ ಬೆಳಗಿನ ತಿಂಡಿಗೆ, ಶುಗರಿನ ಇನ್ನೊಂದು ಮಾತ್ರೆ ರಾತ್ರಿ ಊಟಕ್ಕೆ. ಹೀಗೆ ಈ ಮನೆಗೆ ನಾಲ್ಕು ಹೊತ್ತು: ಬೆಳಿಗ್ಗೆ 6, 8.30, ಮಧ್ಯಾಹ್ನ 1.30, ರಾತ್ರಿ 8.30. ಅಲಾರಂ ಹೊತ್ತಿಗೊಂದು ಸಾಕು, ಮಾತ್ರೆಗೊಂದು ಬೇಡ. ದಿನಕ್ಕೆ ಏಳೆಂಟು ಸಲ ಹೊಡೆದರೆ ಅಮ್ಮ ಫೋನನ್ನೇ ಸೈಲೆಂಟ್ ಮಾಡಿ ಇಟ್ಟುಬಿಡುತ್ತಾರೆ. ಈ ಪಟ್ಟಿಯನ್ನು ಒಮ್ಮೆ ಡಾಕ್ಟರಿಗೆ ತೋರಿಸಿ. ಯಾವ ಮಾತ್ರೆ ತಪ್ಪಿದರೆ ಏನು ಮಾಡಬೇಕು ಎಂಬುದನ್ನೂ ಅಲ್ಲೇ ಕೇಳಿ ಬರೆದಿಟ್ಟುಕೊಳ್ಳಿ. ಮರೆತದ್ದಕ್ಕೆ ಸೇರಿಸಿ ಎರಡೆರಡು ನುಂಗಬಾರದು ಎಂಬುದು ಮಾತ್ರ ಅಮ್ಮನಿಗೆ ಬಾಯಿಪಾಠ ಆಗಿರಲಿ.

ಅಲಾರಂ ಇಡುವಾಗ

ಫೋನಿನ ಜೊತೆಗೇ ಬಂದ ಗಡಿಯಾರದ ಆ್ಯಪ್ ಸಾಕು. ಮಾತ್ರೆಗೆಂದೇ ಇರುವ ಆ್ಯಪ್‌ಗಳೂ ಇವೆ, ತಗೊಂಡಿಲ್ಲ ಎಂದು ಮನೆಯವರಿಗೆ ತಿಳಿಸುವಂಥವೂ ಇವೆ. ಆದರೆ ಬ್ಯಾಟರಿ ಉಳಿಸುವ ನೆಪದಲ್ಲಿ ಎಷ್ಟೋ ಫೋನುಗಳು ಹೊರಗಿನ ಆ್ಯಪ್‌ಗಳನ್ನು ಮಲಗಿಸಿಬಿಡುತ್ತವೆ, ಅವು ಹೊಡೆಯಬೇಕಾದ ಹೊತ್ತಿಗೆ ಹೊಡೆಯುವುದಿಲ್ಲ. ಅಂಥದ್ದನ್ನೇ ಬಳಸುವುದಾದರೆ ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ನ ಬ್ಯಾಟರಿ ಆಯ್ಕೆಯನ್ನು Unrestricted ಮಾಡಿ.

ಗಡಿಯಾರದಲ್ಲಿ ಹೊತ್ತು ಇಟ್ಟು, ವಾರದ ಏಳೂ ದಿನ ಆಯ್ಕೆ ಮಾಡಿ. ಇದನ್ನು ಬಿಟ್ಟರೆ ಅಲಾರಂ ಒಂದೇ ಸಲ ಹೊಡೆದು ಸುಮ್ನಾಗುತ್ತದೆ. ಮುಂದೆ ಲೇಬಲ್. ಇಲ್ಲಿ ಮಾತ್ರೆಯ ಹೆಸರು ಬರೆಯಬೇಡಿ, ಡಬ್ಬಿಯ ಖಾನೆಯ ಹೆಸರು ಬರೆಯಿರಿ: "ಬೆಳಗಿನ ಖಾನೆ, ತಿಂಡಿ ಮುಂದಿಟ್ಟುಕೊಂಡು". ಕಾರಣ ಇದೆ. ಅಮ್ಮನ ಗಡಿಯಾರದ ಅಲಾರಂ ಅನ್ನು ಬೆಂಗಳೂರಿನಲ್ಲಿ ಕೂತು ಬದಲಿಸಲು ಆಗುವುದಿಲ್ಲ. ಡಾಕ್ಟರು ಮಾತ್ರೆ ಬದಲಿಸಿದಾಗ ಡಬ್ಬಿಯೊಳಗಿನದು ಬದಲಾದರೆ ಸಾಕು, ಅಲಾರಂ ಹಾಗೇ ಇರಲಿ.

"ತಿಂಡಿ ಮುಂದಿಟ್ಟುಕೊಂಡು" ಎಂಬ ಮಾತೂ ಸುಮ್ನೆ ಬರೆದದ್ದಲ್ಲ. ಗ್ಲಿಮೆಪಿರೈಡ್ ಸೇರಿದ ಶುಗರ್ ಮಾತ್ರೆ ನುಂಗಿ ತಿಂಡಿ ತಿನ್ನದಿದ್ದರೆ ಶುಗರ್ ತೀರಾ ಇಳಿಯಬಹುದು: ಬೆವರು, ನಡುಕ, ತಲೆ ಸುತ್ತು. ಸಂಕಷ್ಟಿಯ ದಿನ ಚಂದ್ರ ಕಾಣುವವರೆಗೆ ಅಮ್ಮ ಊಟ ಮಾಡದಿದ್ದರೆ ಅಲಾರಂಗೆ ಅದೇನು ಗೊತ್ತು? ಉಪವಾಸದ ದಿನ ಏನು ಮಾಡಬೇಕು ಎಂದು ಡಾಕ್ಟರನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಶಬ್ದದ ವಿಷಯ. ಅಲಾರಂ ವಾಲ್ಯೂಮ್ ಬೇರೆ, ರಿಂಗ್ ವಾಲ್ಯೂಮ್ ಬೇರೆ. ಕಾಲ್ ಜೋರಾಗಿ ಕೇಳಿದರೂ ಅಲಾರಂ ಪಿಸುಗುಟ್ಟುತ್ತಿರಬಹುದು, ಸೆಟ್ಟಿಂಗ್ಸ್‌ನಲ್ಲಿ ಅದನ್ನು ಪೂರ್ತಿ ಏರಿಸಿ. ವಯಸ್ಸಾದವರಿಗೆ ಕೀಚಲು ಶಬ್ದ ಮೊದಲು ಕೇಳಿಸದಾಗುತ್ತದೆ, ದಪ್ಪ ದನಿಯ ಟೋನ್ ಒಳ್ಳೆಯದು. ಮನೆಯವರ ಮಾತನ್ನೇ ರೆಕಾರ್ಡ್ ಮಾಡಿ ಇಡಲೂ ಬಹಳ ಫೋನುಗಳಲ್ಲಿ ಆಗುತ್ತದೆ. ಗೂಗಲ್ ಗಡಿಯಾರದಲ್ಲಾದರೆ ಅಲಾರಂ ಶಬ್ದದ ಪಟ್ಟಿಯಲ್ಲಿ Add new ಒತ್ತಿ ಆ ರೆಕಾರ್ಡಿಂಗ್ ಆರಿಸಬಹುದು. "ಅಜ್ಜೀ, ಬೆಳಗಿನ ಖಾನೆ!" ಎಂದು ಮೊಮ್ಮಗ ಕೂಗಿದರೆ ಯಾವ ಅಲಾರಂ ಎಂದು ಕನ್ನಡಕ ಹುಡುಕಿ ಓದುವ ಕೆಲಸ ತಪ್ಪುತ್ತದೆ. ಎಲ್ಲ ಆದ ಮೇಲೆ ಎರಡು ನಿಮಿಷ ಮುಂದಕ್ಕೆ ಒಂದು ಅಲಾರಂ ಇಟ್ಟು, ಫೋನನ್ನು ಎಂದಿನ ಜಾಗದಲ್ಲಿ ಬಿಟ್ಟು, ಅಡುಗೆಮನೆಯಲ್ಲಿ ಮಿಕ್ಸಿ ಹಾಕಿ ನೋಡಿ. ಕೇಳಿಸದಿದ್ದರೆ ಫೋನಿನ ಜಾಗ ಬದಲಿಸಿ.

ಇನ್ನೊಂದು. ರಾತ್ರಿ ಚಾರ್ಜ್ ಉಳಿಯಲಿ ಎಂದು ಫೋನ್ ಆಫ್ ಮಾಡಿ ಮಲಗುವ ಅಭ್ಯಾಸ ಹಿರಿಯರಲ್ಲಿ ಜಾಸ್ತಿ. ಆಫ್ ಆದ ಸ್ಮಾರ್ಟ್‌ಫೋನಿನಲ್ಲಿ ಸಾಮಾನ್ಯವಾಗಿ ಅಲಾರಂ ಹೊಡೆಯುವುದಿಲ್ಲ. ಬೆಳಗಿನ 6ರ ಮಾತ್ರೆ ಮಾತ್ರ ಪದೇ ಪದೇ ತಪ್ಪುತ್ತಿದ್ದರೆ ಮೊದಲು ಇದನ್ನೇ ಅನುಮಾನಿಸಿ.

ಡಬ್ಬಿ

ಏಳು ದಿನ, ದಿನಕ್ಕೆ ಮೂರು ಖಾನೆ ಇರುವ ಮಾತ್ರೆ ಡಬ್ಬಿ ಮೆಡಿಕಲ್ ಶಾಪ್‌ನಲ್ಲೇ ಸಿಗುತ್ತದೆ. ಭಾನುವಾರ ಸಂಜೆ ವಿಡಿಯೊ ಕಾಲ್‌ನಲ್ಲಿ ಅಮ್ಮನೂ ಮಗನೂ ಕೂಡಿ ಅದನ್ನು ತುಂಬುತ್ತಾರೆ. ತುಂಬುವ ಮೊದಲು ಹಳೆಯದರಲ್ಲಿ ಏನು ಉಳಿದಿದೆ ಎಂದು ನೋಡಬೇಕು. ಬುಧವಾರ ಮಧ್ಯಾಹ್ನದ ಖಾನೆ ತುಂಬಿದ್ದರೆ ಅಂದು ತಪ್ಪಿದೆ. ಪ್ರತಿ ವಾರ ಮಧ್ಯಾಹ್ನವೇ ಉಳಿಯುತ್ತಿದ್ದರೆ 1.30 ತಪ್ಪು ಹೊತ್ತು. ಬಹುಶಃ ಅವರು ಊಟ ಮಾಡುವುದೇ 12.30ಕ್ಕೆ.

ಸ್ಟ್ರಿಪ್ ಅನ್ನು ಕತ್ತರಿಯಿಂದ ಒಂದೊಂದು ಮಾತ್ರೆಗೆ ಕತ್ತರಿಸಿ ಖಾನೆಗೆ ಹಾಕಬೇಡಿ. ಕಣ್ಣು ಮಂಜಾದವರು ಚೂಪು ಅಂಚಿನ ಕವರ್ ಸಮೇತ ನುಂಗಿ ಗಂಟಲಿಗೆ, ಕರುಳಿಗೆ ಗಾಯ ಮಾಡಿಕೊಂಡದ್ದುಂಟು. ಕೆಲವು ಮಾತ್ರೆಗಳನ್ನು ಗಾಳಿಗೆ, ತೇವಕ್ಕೆ ಬಿಡುವ ಹಾಗಿಲ್ಲ. ಸಾಗರದ ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಯಾವುದನ್ನು ಬಿಡಿಸಿ ಇಡಬಹುದು ಎಂದು ಅಂಗಡಿಯ ಫಾರ್ಮಸಿಸ್ಟ್ ಹೇಳುತ್ತಾರೆ. ಬಾಟಲಿಯಲ್ಲಿ ಬರುವ ಥೈರಾಯ್ಡ್ ಮಾತ್ರೆ ಬಾಟಲಿಯಲ್ಲೇ, ಹಾಸಿಗೆ ಪಕ್ಕದಲ್ಲಿ ಇರಲಿ. ನುಂಗಿದ ಮೇಲೆ ಮುಚ್ಚಳ ಬಿಗಿ ಮಾಡಿ ಬಾಟಲಿ ತಲೆಕೆಳಗು ನಿಲ್ಲಿಸುವುದು, ರಾತ್ರಿ ಮಲಗುವಾಗ ನೆಟ್ಟಗೆ ಮಾಡುವುದು. ತಗೊಂಡಾಯಿತೋ ಇಲ್ಲವೋ ಎಂಬುದಕ್ಕೆ ಬಾಟಲಿಯೇ ಸಾಕ್ಷಿ.

ವಿಟಮಿನ್ ಡಿ 60,000 ಯೂನಿಟ್‌ನ ಕ್ಯಾಪ್ಸೂಲ್ ವಾರಕ್ಕೆ ಒಂದೇ. ಅದನ್ನು ಭಾನುವಾರದ ಮಧ್ಯಾಹ್ನದ ಖಾನೆಗೆ ಹಾಕಿದರೆ ಬೇರೆ ಅಲಾರಂ ಬೇಡ. ಉಳಿದ ಕ್ಯಾಪ್ಸೂಲ್‌ಗಳು ಅಮ್ಮನ ಕೈಗೆ ಸಿಗದ ಕಡೆ ಇರಲಿ, ದಿನವೂ ನುಂಗುವ ಅಪಾಯ ಇದರಲ್ಲೇ ಹೆಚ್ಚು.

ಮಕ್ಕಳ ಕಡೆ

ಮಾತ್ರೆ ನುಂಗಿದ ಮೇಲೆ ಅಮ್ಮ ಮನೆಯ ವಾಟ್ಸ್ಆ್ಯಪ್ ಗ್ರೂಪಿಗೆ ಖಾಲಿ ಖಾನೆಯ ಫೋಟೊ ಹಾಕಬೇಕು. ಅದು ಕಷ್ಟ ಎಂದರೆ ಒಂದು ಮಿಸ್ಡ್ ಕಾಲ್. ಕೀಪ್ಯಾಡ್ ಫೋನಿಗೂ ಆಗುತ್ತದೆ, ನೆಟ್ ಇಲ್ಲದಿದ್ದರೂ ಆಗುತ್ತದೆ. ನನ್ನ ಕೇಳಿದರೆ ಮಿಸ್ಡ್ ಕಾಲೇ ವಾಸಿ. ನಾಲ್ಕು ಹೊತ್ತೂ ಬೇಡ, ತಪ್ಪಿದರೆ ತೊಂದರೆ ಜಾಸ್ತಿ ಇರುವ ಬೆಳಗಿನ ತಿಂಡಿ ಮತ್ತು ರಾತ್ರಿ ಊಟದ್ದು ಸಾಕು.

ಈಗ ಮಕ್ಕಳಿಗೆ ನೋಟಿಫಿಕೇಷನ್. ಇದಕ್ಕೆ ಗೂಗಲ್ ಕ್ಯಾಲೆಂಡರ್ ಆಗುತ್ತದೆ. ಮಗ ಕಂಪ್ಯೂಟರಿನಲ್ಲಿ calendar.google.com ತೆರೆದು, ಎಡಬದಿಯ Other calendars ಪಕ್ಕದ + ಒತ್ತಿ, Create new calendar ಆರಿಸಿ "ಅಮ್ಮನ ಮಾತ್ರೆ" ಎಂಬ ಕ್ಯಾಲೆಂಡರ್ ಮಾಡುತ್ತಾನೆ. ಟೈಮ್ ಝೋನ್ ಭಾರತದ್ದು. ಆಮೇಲೆ ಅದರ ಸೆಟ್ಟಿಂಗ್ಸ್‌ಗೆ ಹೋಗಿ ತಂಗಿಯ ಇಮೇಲ್ ಸೇರಿಸಿ, Make changes to events ಎಂಬ ಅನುಮತಿ ಕೊಡುತ್ತಾನೆ. ತಂಗಿಗೆ ಬಂದ ಮೇಲ್‌ನ ಲಿಂಕ್ ಅವಳು ಒತ್ತಿದರೆ ಅವಳಲ್ಲೂ ಅದು ಕಾಣುತ್ತದೆ.

ಇದರಲ್ಲಿ ದಿನವೂ ಮರುಕಳಿಸುವ ಎರಡೇ ಇವೆಂಟ್: ಬೆಳಿಗ್ಗೆ 9.15 "ಅಮ್ಮನ ಮಿಸ್ಡ್ ಕಾಲ್ ಬಂತಾ? ಅಣ್ಣನ ಸರದಿ", ರಾತ್ರಿ 9 "ಬಂತಾ? ತಂಗಿಯ ಸರದಿ". ಅಲಾರಂ ಆಗಿ ಅರ್ಧ ಮುಕ್ಕಾಲು ಗಂಟೆ ಬಿಟ್ಟು ಇಟ್ಟದ್ದು ಬೇಕೆಂದೇ. 8.30ಕ್ಕೇ ಎಲ್ಲರಿಗೂ ಬಂದರೆ ಅಮ್ಮ ತಟ್ಟೆ ಮುಂದೆ ಕೂತಾಗಲೇ ಇಬ್ಬರ ಕಾಲೂ ಬರುತ್ತದೆ. ಸರದಿ ಇಲ್ಲದಿದ್ದರೆ ಅದಕ್ಕಿಂತ ಕಷ್ಟ. ಅವಳು ಮಾಡಿರುತ್ತಾಳೆ ಎಂದು ಇವನು, ಇವನು ಮಾಡಿರುತ್ತಾನೆ ಎಂದು ಅವಳು ಸುಮ್ಮನಿರುತ್ತಾರೆ.

ಹೆಚ್ಚಿನವರು ಎಡವುವುದು ಇಲ್ಲಿ: ಕ್ಯಾಲೆಂಡರ್ ಹಂಚಿದರೂ ನೋಟಿಫಿಕೇಷನ್ ಹಂಚಿಕೆ ಆಗುವುದಿಲ್ಲ. ಇವೆಂಟ್ ಕಾಣುತ್ತದೆ, ಫೋನ್ ಮಾತ್ರ ಸದ್ದು ಮಾಡುವುದಿಲ್ಲ. ಯಾರ ಸರದಿಯೋ ಅವರು ತಮ್ಮ ಫೋನಿನಲ್ಲಿ ಆ ಇವೆಂಟ್ ತೆರೆದು, ಅದೇ ಹೊತ್ತಿಗೆ ನೋಟಿಫಿಕೇಷನ್ ಸೇರಿಸಿ, ಸೇವ್ ಮಾಡುವಾಗ All events ಆರಿಸಬೇಕು.

ರಾತ್ರಿಯ ಸರದಿ ಮಗಳಿಗೇ ಕೊಟ್ಟದ್ದು ಯಾಕೆಂದರೆ ಸಾಗರದ ರಾತ್ರಿ 9 ನ್ಯೂಜೆರ್ಸಿಯಲ್ಲಿ ಬೇಸಿಗೆಗೆ ಬೆಳಿಗ್ಗೆ 11.30, ಚಳಿಗಾಲಕ್ಕೆ 10.30. ಈ ಇವೆಂಟ್‌ನ ಟೈಮ್ ಝೋನ್ ಭಾರತದ್ದೇ ಇರಬೇಕು. ಅವಳು ತನ್ನ ಗಡಿಯಾರದಂತೆ 11.30 ಎಂದು ಇಟ್ಟುಕೊಂಡರೆ ನವೆಂಬರ್‌ನಲ್ಲಿ ಅಲ್ಲಿನ ಗಡಿಯಾರ ಒಂದು ಗಂಟೆ ಹಿಂದೆ ಹೋದಾಗ ಅದು ಸಾಗರದ ರಾತ್ರಿ 10 ಆಗಿಬಿಡುತ್ತದೆ. ಅಷ್ಟೊತ್ತಿಗೆ ಅಮ್ಮ ಮಲಗಿರುತ್ತಾರೆ.

ಅದೇ ಕ್ಯಾಲೆಂಡರಿನಲ್ಲಿ ಭಾನುವಾರದ ವಿಟಮಿನ್ ಡಿ ಇವೆಂಟ್ ಇಟ್ಟು, ಮುಗಿಯುವ ಕಡೆ 8 ಸಲ ಎಂದು ಹಾಕಿ. ಒಂಬತ್ತನೇ ವಾರ ಡಬ್ಬಿ ತುಂಬುವಾಗ ಅದು ಕಾಣದಿದ್ದರೆ ಕ್ಯಾಪ್ಸೂಲ್ ಹಾಕುವ ಹಾಗಿಲ್ಲ. ಸಂಕಷ್ಟಿ, ಏಕಾದಶಿಯನ್ನೂ ಗುರುತು ಮಾಡಿ. ಅಂದು ಮಿಸ್ಡ್ ಕಾಲ್ ತಡವಾದರೆ ಗಾಬರಿ ಬೇಡ, ಫೋನ್ ಮಾಡಿ ಏನು ತಿಂದರು ಎಂದು ಮೊದಲು ಕೇಳಿ.

ಮಿಸ್ಡ್ ಕಾಲ್ ಇಲ್ಲ, ಫೋನ್ ಮಾಡಿದರೆ ಎತ್ತುತ್ತಿಲ್ಲ ಎಂದಾಗ ಯಾರಿಗೆ ಹೇಳಬೇಕು? ಪಕ್ಕದ ಮನೆಯವರ ನಂಬರನ್ನು ಆ ಇವೆಂಟ್‌ನ ವಿವರದಲ್ಲೇ ಬರೆದಿಡಿ. ಹೀಗೆ ಬರೆದಿದ್ದೇವೆ ಎಂದು ಅವರಿಗೂ ಮೊದಲೇ ಹೇಳಿ ಒಪ್ಪಿಸಿರಿ.

ಡಾಕ್ಟರು ಚೀಟಿ ಬದಲಿಸಿದ ದಿನ ಹೊಸ ಚೀಟಿಯ ಫೋಟೊ ಗ್ರೂಪಿಗೆ ಬರಲಿ. ಆ ಸಂಜೆಯೇ ವಿಡಿಯೊ ಕಾಲ್ ಮಾಡಿ ಡಬ್ಬಿ ಪೂರ್ತಿ ಖಾಲಿ ಮಾಡಿ ಹೊಸದಾಗಿ ತುಂಬಿಸಿ. ನಿಲ್ಲಿಸಿದ ಮಾತ್ರೆಯ ಸ್ಟ್ರಿಪ್ ಕಪಾಟಿನಲ್ಲಿ ಉಳಿಯಬಾರದು. ಹೊಸ ಮಾತ್ರೆಗೆ ಕಂಪನಿ ಹೆಸರು ಬೇರೆ, ಒಳಗಿನ ಔಷಧಿ ಅದೇ ಇರಬಹುದು. ಆಗ ಅಮ್ಮ ಎರಡನ್ನೂ ನುಂಗುವ ಸಾಧ್ಯತೆ ಇದೆ. ಸ್ಟ್ರಿಪ್‌ನ ಮೇಲೆ ಸಣ್ಣ ಅಕ್ಷರದಲ್ಲಿ ಇರುವ ಔಷಧಿಯ ಮೂಲ ಹೆಸರನ್ನು ಕ್ಯಾಮೆರಾ ಮುಂದೆ ಹಿಡಿಸಿ, ಚೀಟಿಯ ಜೊತೆ ನೀವೇ ಹೋಲಿಸಿ ನೋಡಿ.