ಟ್ರ್ಯಾಕ್ಟರ್ ಕೇಕಿನ ಲೆಕ್ಕ: ಮನೆಯ ಕೇಕಿಗೆ ನಾನು ಬೆಲೆ ಕಟ್ಟುವ ಬಗೆ

ರಾಯಚೂರಿನಲ್ಲಿ ಮನೆಯಿಂದಲೇ ಕೇಕ್ ಮಾಡಿ ಕೊಡುವ ನನಗೆ ಗಿರಾಕಿಗಳು ಮೊದಲು ಕೇಳುವ ಪ್ರಶ್ನೆ ‘ಕೆಜಿಗೆ ಎಷ್ಟ್ರೀ?’ ಎಂಬುದು. ಸಾದಾ ಪೈನಾಪಲ್ ಕೇಕಿಗೆ ಕೆಜಿ ದರ ಹೇಳಿದರೆ ನಡೆಯುತ್ತದೆ, ಏಕೆಂದರೆ ಅದರಲ್ಲಿ ಪ್ರತಿ ಸಲವೂ ಕೆಲಸ ಹೆಚ್ಚುಕಡಿಮೆ ಒಂದೇ ಇರುತ್ತದೆ. ಆದರೆ ಫೋಟೋ ಕಳುಹಿಸಿ ‘ಹೀಗೇ ಇರಬೇಕು’ ಎಂದು ಹೇಳಿ ಮಾಡಿಸುವ ಕೇಕಿಗೆ ಕೆಜಿ ದರ ಹೊಂದುವುದಿಲ್ಲ. ತೂಕ ಹೆಚ್ಚಿದಂತೆ ಮೈದಾ, ಸಕ್ಕರೆ, ಕ್ರೀಮ್ ಹೆಚ್ಚುತ್ತವೆ. ಆದರೆ ಮೇಲಿನ ಗೊಂಬೆಗೆ ತಗಲುವ ಸಮಯ ಅರ್ಧ ಕೆಜಿ ಕೇಕಿಗೂ ಎರಡು ಕೆಜಿ ಕೇಕಿಗೂ ಒಂದೇ. ಆದ್ದರಿಂದ ಇಂಥ ಪ್ರತಿ ಕೇಕಿಗೂ ನಾನು ಬೇರೆಯದೇ ಒಂದು ಚೀಟಿ ಬರೆಯುತ್ತೇನೆ. ಅದನ್ನು ಹೇಗೆ ಬರೆಯುತ್ತೇನೆ ಎಂಬುದನ್ನು ಬೇಸಿಗೆಯಲ್ಲಿ ಮಾಡಿಕೊಟ್ಟ ಒಂದು ಕೇಕಿನ ಮೂಲಕ ವಿವರಿಸುತ್ತೇನೆ. ಸಿಂಧನೂರು ಕಡೆಯ ರೈತ ಕುಟುಂಬದ ಮಗುವೊಂದರ ಹುಟ್ಟುಹಬ್ಬಕ್ಕೆ ಒಂದೂವರೆ ಕೆಜಿಯ, ಮೊಟ್ಟೆಯಿಲ್ಲದ ಚಾಕೊಲೇಟ್ ಕೇಕ್. ಅದರ ಮೇಲೆ ಹಸಿರು ಗದ್ದೆ, ಗದ್ದೆಯಲ್ಲಿ ಒಂದು ಕೆಂಪು ಟ್ರ್ಯಾಕ್ಟರ್.

ಸಾಮಗ್ರಿಯ ಲೆಕ್ಕವನ್ನು ನಾನು ಪ್ಯಾಕೆಟ್ಟಿನಲ್ಲಿ ಹಾಕುವುದಿಲ್ಲ, ಗ್ರಾಮಿನಲ್ಲಿ ಹಾಕುತ್ತೇನೆ. ಅಂಗಡಿಯಿಂದ ತಂದ ದಿನವೇ ಪ್ರತಿ ವಸ್ತುವಿನ ಬೆಲೆಯನ್ನು ಕೆಜಿ ಲೆಕ್ಕಕ್ಕೆ ತಿರುಗಿಸಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡರೆ, ಮುಂದೆ ತೂಗಿದಷ್ಟಕ್ಕೆ ಗುಣಿಸುವುದಷ್ಟೇ ಉಳಿಯುತ್ತದೆ. ಈ ಕೇಕಿನ ಸ್ಪಂಜಿಗೆ 250 ಗ್ರಾಂ ಮೈದಾ, 50 ಗ್ರಾಂ ಕೋಕೋ ಪುಡಿ, 220 ಗ್ರಾಂ ಸಕ್ಕರೆ ಪುಡಿ, 250 ಗ್ರಾಂ ಮೊಸರು, ಎಣ್ಣೆ ಮತ್ತು ಹಾಲು ತಲಾ 120 ಮಿಲಿ, ಜೊತೆಗೆ ಬೇಕಿಂಗ್ ಪೌಡರ್, ಸೋಡಾ ಮತ್ತು ಎಸೆನ್ಸ್ ಹಿಡಿದವು. ಪದರಗಳಿಗೆ ಹಚ್ಚುವ ಸಕ್ಕರೆ ಪಾಕವನ್ನೂ ಸೇರಿಸಿದರೆ ಇಷ್ಟಕ್ಕೆ ಆದದ್ದು 117 ರೂಪಾಯಿ. ಅದರಲ್ಲಿ 45 ರೂಪಾಯಿ ಕೋಕೋದ್ದೇ. 2024ರಲ್ಲಿ ಜಗತ್ತಿನಾದ್ಯಂತ ಕೋಕೋ ಬೆಲೆ ದಾಖಲೆ ಮಟ್ಟಕ್ಕೆ ಏರಿದ ಮೇಲೆ, ಚಾಕೊಲೇಟ್ ಕೇಕಿಗೂ ವೆನಿಲಾ ಕೇಕಿಗೂ ಒಂದೇ ದರ ಹೇಳುವುದನ್ನು ನಾನು ಬಿಟ್ಟಿದ್ದೇನೆ.

ಸ್ಪಂಜಿಗಿಂತ ಹೆಚ್ಚು ಹಣ ಹೋಗುವುದು ಅದರ ಮೇಲಿನದಕ್ಕೆ. 450 ಗ್ರಾಂ ವಿಪ್ಪಿಂಗ್ ಕ್ರೀಮ್, 150 ಗ್ರಾಂ ಡಾರ್ಕ್ ಚಾಕೊಲೇಟ್ ಕಾಂಪೌಂಡಿನಿಂದ ಮಾಡಿದ ಗನಾಶ್, ಟ್ರ್ಯಾಕ್ಟರಿಗೆ ಫಾಂಡಂಟ್ ಎಂಬ ಸಕ್ಕರೆಯ ಕಣಕ 250 ಗ್ರಾಂ ಮತ್ತು ಜೆಲ್ ಬಣ್ಣ ಸೇರಿ 271 ರೂಪಾಯಿ ಆಯಿತು. ಕ್ರೀಮನ್ನು ಯಾವಾಗಲೂ ಬೀಟ್ ಮಾಡುವ ಮೊದಲೇ ತೂಗಬೇಕು. ಬೀಟ್ ಮಾಡಿದ ಮೇಲೆ ಅದು ಉಬ್ಬಿ ಬಟ್ಟಲು ತುಂಬುವುದರಿಂದ, ಕಣ್ಣಳತೆಯಲ್ಲಿ ಎಷ್ಟು ಖರ್ಚಾಯಿತೆಂದು ತಿಳಿಯುವುದಿಲ್ಲ. ನಮ್ಮಲ್ಲಿ ಬೇಸಿಗೆಯ ಉಷ್ಣಾಂಶ 40 ಡಿಗ್ರಿ ದಾಟಿದಾಗ ಬಟ್ಟಲನ್ನೂ ಬೀಟರಿನ ಕಡ್ಡಿಗಳನ್ನೂ ಫ್ರೀಜರಿನಲ್ಲಿಟ್ಟು ತಣ್ಣಗೆ ಮಾಡಿಕೊಂಡು, ಮಂಜುಗಡ್ಡೆಯ ಪಾತ್ರೆಯ ಮೇಲೆ ಬಟ್ಟಲಿಟ್ಟು ಬೀಟ್ ಮಾಡದಿದ್ದರೆ ಕ್ರೀಮ್ ಗಟ್ಟಿಯಾಗಿ ನಿಲ್ಲುವುದೇ ಇಲ್ಲ. ಅತಿಯಾಗಿ ಬೀಟ್ ಮಾಡಿದರೆ ಅದರ ಹೊಳಪು ಹೋಗಿ ರವೆರವೆಯಾಗುತ್ತದೆ. ಆಗ ಅದರಿಂದ ನುಣುಪಾದ ಕೋಟಿಂಗ್ ಸಾಧ್ಯವಿಲ್ಲ. ಹೀಗೆ ಕೈತಪ್ಪುವ ಕ್ರೀಮ್, ಪೈಪಿಂಗ್ ಬ್ಯಾಗಿನಲ್ಲಿ ಅಂಟಿಕೊಂಡು ಉಳಿಯುವುದು, ಸಮ ಮಾಡಲು ಕತ್ತರಿಸಿ ತೆಗೆಯುವ ಸ್ಪಂಜಿನ ತಲೆ, ಇವೆಲ್ಲಕ್ಕೂ ಸೇರಿ ಸಾಮಗ್ರಿಯ ಮೊತ್ತದ ಮೇಲೆ ಶೇಕಡಾ 10 ಹಾಕುತ್ತೇನೆ. ಅಲ್ಲಿಗೆ ಸಾಮಗ್ರಿ 427 ರೂಪಾಯಿಗೆ ಬಂತು. ಇನ್ನು ಗಿರಾಕಿ ಕೇಳಿದರೆಂದೇ ತಂದ ಬಣ್ಣ ಅಥವಾ ಎಸೆನ್ಸ್ ಮತ್ತೊಂದು ಕೇಕಿಗೆ ಬಳಕೆಯಾಗುವ ಸಂಭವ ಇಲ್ಲದಿದ್ದರೆ, ಬಳಸಿದ ನಾಲ್ಕು ಹನಿಯದಲ್ಲ, ಇಡೀ ಬಾಟಲಿಯ ಬೆಲೆಯನ್ನೇ ಆ ಚೀಟಿಯಲ್ಲಿ ಸೇರಿಸುತ್ತೇನೆ.

ತೂಕದ ಬಗ್ಗೆ ಒಂದು ಮಾತನ್ನು ಆರ್ಡರ್ ಹಿಡಿಯುವಾಗಲೇ ಸ್ಪಷ್ಟಪಡಿಸುವುದು ಒಳ್ಳೆಯದು. ನಾನು ಹೇಳುವ ಒಂದೂವರೆ ಕೆಜಿ ಎಂದರೆ ಸ್ಪಂಜು, ಪಾಕ, ಕ್ರೀಮ್, ಗನಾಶ್ ಸೇರಿದ ತೂಕ. ಫಾಂಡಂಟ್ ಗೊಂಬೆಯನ್ನು ಅದರಲ್ಲಿ ಸೇರಿಸುವುದು ನನಗೆ ಸರಿಯೆನಿಸುವುದಿಲ್ಲ, ಏಕೆಂದರೆ ಅದನ್ನು ಮಕ್ಕಳು ತೆಗೆದಿಟ್ಟುಕೊಳ್ಳುತ್ತಾರೆಯೇ ಹೊರತು ಯಾರೂ ಕೇಕಿನಂತೆ ಹಂಚಿ ತಿನ್ನುವುದಿಲ್ಲ.

ಇಂಧನದ ಲೆಕ್ಕ ಚಿಕ್ಕದು. ನನ್ನ ಓಟಿಜಿ ಓವನ್ 1600 ವಾಟಿನದಾದರೂ ಬೇಕಾದ ಶಾಖ ಬಂದೊಡನೆ ತಾನೇ ಆಫ್ ಆಗಿ, ಇಳಿದೊಡನೆ ಮತ್ತೆ ಆನ್ ಆಗುವುದರಿಂದ ಒಂದು ಗಂಟೆಗೆ 1.6 ಯೂನಿಟ್ ಉರಿಯುವುದಿಲ್ಲ. ಮನೆಯಲ್ಲಿ ಉಳಿದವನ್ನೆಲ್ಲ ಆರಿಸಿ, ಮೊದಲೊಮ್ಮೆ ಕೊನೆಗೊಮ್ಮೆ ಮೀಟರ್ ನೋಡಿ ಅಳೆದಾಗ ಅದು 1.2 ಯೂನಿಟ್ಟಿನ ಆಸುಪಾಸಿನಲ್ಲಿತ್ತು. ಗಮನಿಸಬೇಕಾದದ್ದು ಬೇರೆಯೇ ಇದೆ. ಬೇಸಿಗೆಯಲ್ಲಿ ಕೇಕನ್ನು ಬೇಯಿಸುವುದಕ್ಕಿಂತ ತಣ್ಣಗಿಡುವುದಕ್ಕೇ ಹೆಚ್ಚು ವಿದ್ಯುತ್ ಬೇಕಾಗುತ್ತದೆ: ಕ್ರೀಮ್ ಹಚ್ಚುವ ಹೊತ್ತಿಗೆ ಕೋಣೆಯ ಏಸಿ, ರಾತ್ರಿಯಿಡೀ ಫ್ರಿಜ್. ಎಲ್ಲ ಸೇರಿ ಮೂರೂವರೆ ಯೂನಿಟ್ ಹಿಡಿದು, ಪಾಕ ಮತ್ತು ಗನಾಶಿಗೆ ಉರಿಸಿದ ಗ್ಯಾಸನ್ನೂ ಸೇರಿಸಿ ನಾನು ಹಾಕಿದ್ದು 35 ರೂಪಾಯಿ. ಗೃಹಜ್ಯೋತಿಯಲ್ಲಿ ಬಿಲ್ಲೇ ಬರುವುದಿಲ್ಲವೆಂದು ಈ ಸಾಲನ್ನು ಸೊನ್ನೆ ಮಾಡುವವರಿದ್ದಾರೆ. ಆದರೆ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು, ಮತ್ತು ಏಪ್ರಿಲ್, ಮೇ ತಿಂಗಳಲ್ಲಿ ಓಟಿಜಿ, ಏಸಿ ಎರಡೂ ಓಡುವ ಮನೆ ಆ ಗೆರೆ ದಾಟುವುದು ಬಹಳ ಸುಲಭ.

ಓಟಿಜಿ, ಬೀಟರ್, ಟಿನ್, ನಾಝಲ್, ಟರ್ನ್‌ಟೇಬಲ್ ಸೇರಿ ನನ್ನ ಸಲಕರಣೆಗಳಿಗೆ ಸುಮಾರು 20,000 ರೂಪಾಯಿ ಆಗಿದೆ. ಅವು 500 ಕೇಕುಗಳಿಗೆ ಬಾಳಿಕೆ ಬಂದಾವು ಎಂದಿಟ್ಟುಕೊಂಡು ಪ್ರತಿ ಕೇಕಿಗೆ 40 ರೂಪಾಯಿ ಸವಕಳಿ ಹಾಕುತ್ತೇನೆ.

ಎಲ್ಲಕ್ಕಿಂತ ಹೆಚ್ಚು ತೂಕದ ಸಾಲು ಸಮಯದ್ದು. ಮನೆಯಲ್ಲೇ ಮಾಡುವ ಕೆಲಸಕ್ಕೆ ಕೂಲಿ ಹಿಡಿಯುವುದು ಹೇಗೆ ಎಂಬ ಸಂಕೋಚ ನಮ್ಮಲ್ಲಿ ಅನೇಕ ಹೆಣ್ಣುಮಕ್ಕಳಿಗೆ ಇದೆ. ಅಂಗಡಿಯ ಬೇಕರಿಯವರು ತಮ್ಮ ಕೆಲಸಗಾರರ ಸಂಬಳವನ್ನು ಬೆಲೆಯಲ್ಲಿ ಸೇರಿಸುತ್ತಾರೆಂಬುದನ್ನು ಅವರು ಒಮ್ಮೆ ಯೋಚಿಸಬೇಕೆಂದು ನನ್ನ ಕೋರಿಕೆ. ನಾನು ಸಮಯವನ್ನು ಎರಡು ಬಗೆಯಾಗಿ ಒಡೆಯುತ್ತೇನೆ. ಯಾರನ್ನಾದರೂ ಸಹಾಯಕ್ಕೆ ಇಟ್ಟುಕೊಂಡರೆ ಅವರು ಮಾಡಬಹುದಾದ ಕೆಲಸಕ್ಕೆ, ಎಂದರೆ ತೂಗುವುದು, ಹಿಟ್ಟು ಕಲಸುವುದು, ಸಾಮಾನು ತರುವುದು, ಜಿಡ್ಡಿನ ಪಾತ್ರೆ ತೊಳೆಯುವುದು, ಪ್ಯಾಕ್ ಮಾಡುವುದಕ್ಕೆ ಗಂಟೆಗೆ 80 ರೂಪಾಯಿ. ಕಲಿತ ಕೈಯೇ ಬೇಕಾದ ಕೆಲಸಕ್ಕೆ, ಎಂದರೆ ಪದರ ಕಟ್ಟಿ ಕ್ರೀಮ್ ಸಮ ಮಾಡುವುದು ಮತ್ತು ಗೊಂಬೆ ಮಾಡುವುದಕ್ಕೆ 150 ರೂಪಾಯಿ. ಕೇಕ್ ಓವನ್ನಿನಲ್ಲಿ ಬೇಯುವ ಹೊತ್ತನ್ನು ಪೂರ್ತಿ ಹಿಡಿಯುವುದಿಲ್ಲ, ಏಕೆಂದರೆ ಆಗ ಬೇರೆ ಕೆಲಸ ಮಾಡಬಹುದು. ಗಿರಾಕಿಯೊಡನೆ ವಾಟ್ಸ್‌ಆ್ಯಪಿನಲ್ಲಿ ವಿನ್ಯಾಸ ಮಾತಾಡಿದ 20 ನಿಮಿಷವನ್ನು ಮಾತ್ರ ತಪ್ಪದೆ ಹಿಡಿಯುತ್ತೇನೆ.

ಟ್ರ್ಯಾಕ್ಟರಿಗೇ 105 ನಿಮಿಷ ಬೇಕಾಯಿತು. ಅದರಲ್ಲಿ ಹೆಚ್ಚಿನ ಪಾಲು ಹಿಂದಿನ ಎರಡು ದೊಡ್ಡ ಗಾಲಿಗಳದ್ದು: ಕಪ್ಪು ಫಾಂಡಂಟನ್ನು ದಪ್ಪ ಬಿಲ್ಲೆಯಾಗಿ ಕತ್ತರಿಸಿ, ಅಂಚಿಗೆ ಚಾಕುವಿನ ಬೆನ್ನಿನಿಂದ ಓರೆಯಾಗಿ ಗೀರು ಹಾಕಿ, ಅವು ಒಣಗುವಾಗ ಅಂಡಾಕಾರಕ್ಕೆ ಕುಸಿಯದಂತೆ ಮಲಗಿಸಿ ಇಡಬೇಕು. ಇದನ್ನು ಕೇಕಿನ ಹಿಂದಿನ ದಿನವೇ ಮಾಡಿಡಬೇಕು, ಹಸಿ ಇದ್ದರೆ ಎಂಜಿನ್ನಿನ ಭಾರಕ್ಕೆ ಗಾಲಿ ಚಪ್ಪಟೆಯಾಗುತ್ತದೆ. ಕೇಕ್ ಕಟ್ಟಿ ಕ್ರೀಮ್ ಹಚ್ಚಲು ಮತ್ತೆ 60 ನಿಮಿಷ. ಒಟ್ಟಿನಲ್ಲಿ ಕಲಿತ ಕೈಯ ಕೆಲಸ 165 ನಿಮಿಷ, ಉಳಿದ ಕೆಲಸ 115 ನಿಮಿಷ ಆಗಿ, ಕೂಲಿ 565 ರೂಪಾಯಿಗೆ ಬಂತು. ಸಾಮಗ್ರಿಗಿಂತ ಇದೇ ದೊಡ್ಡ ಮೊತ್ತ ಎಂಬುದನ್ನು ಗಮನಿಸಬೇಕು.

ಪ್ಯಾಕಿಂಗಿಗೆ 120 ರೂಪಾಯಿ: ಡಬ್ಬಿ 55, ಕೆಳಗಿನ ಹಲಗೆ 25, ಮೇಣದಬತ್ತಿ, ಚಾಕು, ರಿಬ್ಬನ್ 20, ಡಬ್ಬಿಯೊಳಗೆ ಹಲಗೆ ಜಾರದಂತೆ ಅಂಟಿಸುವ ಟೇಪು 5, ಟ್ರ್ಯಾಕ್ಟರಿಗೆ ಬೇರೊಂದು ಸಣ್ಣ ಡಬ್ಬಿ 15. ಆ ಸಣ್ಣ ಡಬ್ಬಿ ಏಕೆಂದರೆ, ಫಾಂಡಂಟನ್ನು ಕೇಕಿನ ಜೊತೆ ಫ್ರಿಜ್ಜಿನಲ್ಲಿಟ್ಟು ಹೊರಗೆ ತೆಗೆದರೆ ಅದರ ಮೇಲೆ ನೀರಿನ ಹನಿ ಕೂತು ಬಣ್ಣ ಜಿನುಗುತ್ತದೆ. ಗೊಂಬೆಯನ್ನು ಹೊರಗೇ ಇಟ್ಟು, ಕೇಕ್ ಕತ್ತರಿಸುವ ಮುನ್ನ ಗಿರಾಕಿಯೇ ಗದ್ದೆಯ ಮೇಲೆ ಇಡುವಂತೆ ಹೇಳಿ ಕೊಡುತ್ತೇನೆ. ಊರ ಹೊರಗೆ ಒಯ್ಯುವವರಿಗೆ ಥರ್ಮೋಕೋಲ್ ಡಬ್ಬಿ ಮತ್ತು ಐಸ್ ಪ್ಯಾಕಿಗೆ ಬೇರೆ ಹಣ ಹಿಡಿಯುತ್ತೇನೆ. ಅವನ್ನು ಮರಳಿಸಿದರೆ ಹಣವೂ ಮರಳುತ್ತದೆ, ಆದ್ದರಿಂದ ಅದು ಈ ಚೀಟಿಯೊಳಗೆ ಬರುವುದಿಲ್ಲ.

ಎಲ್ಲವನ್ನೂ ಕೂಡಿಸಿದರೆ ಅಸಲೇ 1,187 ರೂಪಾಯಿ. ಅದರ ಮೇಲೆ ಶೇಕಡಾ 20 ಲಾಭ ಹಾಕಿದಾಗ 1,424 ಆಯಿತು. ನಾನು ಹೇಳಿದ ಬೆಲೆ 1,450. ಇದೇ ಕೇಕನ್ನು ಕೆಜಿಗೆ 600ರಂತೆ 900 ರೂಪಾಯಿಗೆ ಕೊಟ್ಟಿದ್ದರೆ, ಸಾಮಗ್ರಿ, ಇಂಧನ, ಸವಕಳಿ, ಪ್ಯಾಕಿಂಗ್ ಕಳೆದು ನಾಲ್ಕು ಗಂಟೆ 40 ನಿಮಿಷದ ದುಡಿಮೆಗೆ 278 ರೂಪಾಯಿ ಉಳಿಯುತ್ತಿತ್ತು, ಎಂದರೆ ಗಂಟೆಗೆ 60 ರೂಪಾಯಿಯೂ ಸಿಗುತ್ತಿರಲಿಲ್ಲ. ಸಾಮಗ್ರಿಯ ಮೂರು ಪಟ್ಟು ಬೆಲೆ ಹೇಳುವ ಪದ್ಧತಿ ಅನೇಕರಲ್ಲಿದೆ. ಅದು ಈ ಕೇಕಿಗೆ 1,281ಕ್ಕೆ ಬಂದು, ಅಸಲನ್ನಾದರೂ ದಾಟುತ್ತದೆ. ಆದರೆ ಅದೇ ಟ್ರ್ಯಾಕ್ಟರನ್ನು ಅರ್ಧ ಕೆಜಿ ಕೇಕಿನ ಮೇಲೆ ಕೇಳಿದರೆ ಸಾಮಗ್ರಿ 212 ರೂಪಾಯಿಗೆ ಇಳಿದು ಮೂರು ಪಟ್ಟು 636 ಆಗುತ್ತದೆ. ಗೊಂಬೆಯ ಸಮಯ ಇಳಿಯದ ಕಾರಣ ಅಸಲು ಮಾತ್ರ 880ರ ಹತ್ತಿರವೇ ನಿಲ್ಲುತ್ತದೆ. ಚಿಕ್ಕ ಕೇಕು, ದೊಡ್ಡ ಕೆಲಸ ಎಂಬ ಆರ್ಡರುಗಳಲ್ಲಿಯೇ ಮನೆಯ ಬೇಕರುಗಳು ನಷ್ಟಪಡುವುದು.

‘ಅಕ್ಕಾ, ಭಾಳ ಆತ್ರೀ, ಸ್ವಲ್ಪ ಕಮ್ಮಿ ಮಾಡ್ರೀ’ ಎಂದು ಗಿರಾಕಿಗಳು ಕೇಳಿಯೇ ಕೇಳುತ್ತಾರೆ, ಕೇಳುವುದರಲ್ಲಿ ತಪ್ಪೂ ಇಲ್ಲ. ಚೀಟಿ ಕೈಯಲ್ಲಿರುವುದರಿಂದ ನಾನು ಬೆಲೆಯನ್ನಷ್ಟೇ ಇಳಿಸದೆ ಕೆಲಸವನ್ನು ಇಳಿಸಿ ತೋರಿಸುತ್ತೇನೆ. ನಿಂತ ಟ್ರ್ಯಾಕ್ಟರಿನ ಬದಲು ಫಾಂಡಂಟನ್ನು ತೆಳ್ಳಗೆ ಲಟ್ಟಿಸಿ ಕತ್ತರಿಸಿದ ಚಪ್ಪಟೆ ಟ್ರ್ಯಾಕ್ಟರನ್ನು ಕೇಕಿನ ಮೇಲೆ ಮಲಗಿಸಿದರೆ 70 ನಿಮಿಷ ಮತ್ತು 150 ಗ್ರಾಂ ಫಾಂಡಂಟ್ ಉಳಿಯುತ್ತದೆ, ಆಗ 1,175ಕ್ಕೆ ಕೊಡಬಹುದು. ಮನೆಯಲ್ಲಿರುವ ಆಟಿಕೆ ಟ್ರ್ಯಾಕ್ಟರನ್ನೇ ಚೆನ್ನಾಗಿ ತೊಳೆದು ತಂದುಕೊಟ್ಟರೆ ಇನ್ನೂ ಕಡಿಮೆಯಾಗುತ್ತದೆ. ಅದರ ಗಾಲಿಯ ಕೆಳಗೆ ಒಂದು ತುಂಡು ಬಟರ್ ಪೇಪರ್ ಇಟ್ಟರೆ ಸಾಕು. ಆ ಕುಟುಂಬದವರು ಎರಡನ್ನೂ ಕೇಳಿಸಿಕೊಂಡು, ಕೊನೆಗೆ ನಿಂತ ಟ್ರ್ಯಾಕ್ಟರನ್ನೇ ಆರಿಸಿಕೊಂಡರು.

ಒಪ್ಪಿಗೆಯಾದ ಮೇಲೆ ಅರ್ಧ ಹಣ ಮುಂಗಡ ಪಡೆದೇ ಫಾಂಡಂಟ್ ಪ್ಯಾಕೆಟ್ ಒಡೆಯುತ್ತೇನೆ, ಏಕೆಂದರೆ ಹೆಸರು, ಬಣ್ಣ, ಗೊಂಬೆ ಎಲ್ಲವೂ ಒಬ್ಬರಿಗೆಂದೇ ಮಾಡಿದ ಕೇಕನ್ನು ಮತ್ತೊಬ್ಬರಿಗೆ ಮಾರಲಾಗದು. ಹೇಳಿದ ಬೆಲೆ 15 ದಿನಗಳವರೆಗೆ ಮಾತ್ರ ನಿಲ್ಲುತ್ತದೆ ಎಂದು ವಾಟ್ಸ್‌ಆ್ಯಪಿನಲ್ಲೇ ಬರೆದು ಕಳುಹಿಸುತ್ತೇನೆ. ಕ್ರೀಮ್, ಕೋಕೋ, ಕಾಂಪೌಂಡ್ ಈ ಮೂರರ ದರವನ್ನು ಪ್ರತಿ ತಿಂಗಳ ಮೊದಲ ಖರೀದಿಯಲ್ಲಿ ನೋಟ್‌ಬುಕ್ಕಿನಲ್ಲಿ ತಿದ್ದುತ್ತೇನೆ. ಮೈದಾ, ಸಕ್ಕರೆಯ ದರ ಒಂದೆರಡು ರೂಪಾಯಿ ಏರಿಳಿದರೂ ಒಂದು ಕೇಕಿನ ಮೇಲೆ ಅದು ಪೈಸೆಗಳ ಲೆಕ್ಕವಾದ್ದರಿಂದ ಅವನ್ನು ವರ್ಷಕ್ಕೆರಡು ಸಲ ನೋಡಿದರೆ ಸಾಕಾಗುತ್ತದೆ.