ಆರ್‌ಟಿಇ ಸೀಟು ಬಂತು, ಶಾಲೆ ಒಲ್ಲೆ ಅಂತು: ನಾನು ಮಾಡಿದ್ದು

2018ರಲ್ಲಿ ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯಡಿ ಬಡ ಮತ್ತು ಹಿಂದುಳಿದ ಮಕ್ಕಳಿಗೆ ಮೀಸಲಿಟ್ಟ ಸೀಟುಗಳ ಆನ್‌ಲೈನ್ ಲಾಟರಿಯಲ್ಲಿ ಮಗಳಿಗೆ ನಮ್ಮ ವಾರ್ಡಿನ ಖಾಸಗಿ ಶಾಲೆಯೊಂದರಲ್ಲಿ ಒಂದನೇ ತರಗತಿ ಸೀಟು ಸಿಕ್ಕಿತು. ಹಂಚಿಕೆ ಪತ್ರ, ಆದಾಯ ಪ್ರಮಾಣಪತ್ರ, ಆಧಾರ್ ಎಲ್ಲಾ ಹಿಡಿದು ಹೋದೆ. ಅಲ್ಲಿ ಒಬ್ಬ ಮೇಡಂ ಅವಳ ಮುಂದೆ ಚಿತ್ರಗಳ ಪುಸ್ತಕ ಬಿಡಿಸಿ ಇಂಗ್ಲಿಷ್‌ನಲ್ಲಿ ಏನೋ ಕೇಳಿದರು. ಅವಳು ಆನೆಯನ್ನು ತೋರಿಸಿ "ಆನೆ" ಅಂದಳು. "ಇಲ್ಲಿ ಹೊಂದಿಕೊಳ್ಳೋದು ಕಷ್ಟ, ಬೇರೆ ಕಡೆ ನೋಡಿ" ಅಂತ ಕಳಿಸಿಬಿಟ್ಟರು.

ಅಲ್ಲೇ ಜಗಳ ಆಡಿದ್ದರೆ ಏನೂ ಉಪಯೋಗ ಇರಲಿಲ್ಲ. ಬಾಯಿಮಾತಿಗೆ ಸಾಕ್ಷಿ ಎಲ್ಲಿ? ಶಾಲೆಯವರು "ಅವರು ಬರಲೇ ಇಲ್ಲ" ಅಂದರೆ ಮುಗೀತು. ಅದಕ್ಕೇ ಮಾರನೇ ದಿನ ಮುಖ್ಯೋಪಾಧ್ಯಾಯರಿಗೆ ಪತ್ರ ಬರೆದೆ. ಹಂಚಿಕೆ ಪತ್ರದ ಸಂಖ್ಯೆ, ನಾವು ಹೋದ ದಿನಾಂಕ, ಅವರು ಕೊಟ್ಟ ಕಾರಣ ಎಲ್ಲಾ ಹಾಕಿ, "ಸೇರಿಸಿಕೊಳ್ಳದಿದ್ದರೆ ಕಾರಣವನ್ನು ಬರಹದಲ್ಲಿ ಕೊಡಿ" ಅಂತ ಕೇಳಿದೆ. ಕಚೇರಿಯಲ್ಲಿ ಪತ್ರ ತೆಗೆದುಕೊಳ್ಳಲಿಲ್ಲ. ಸುಮ್ನೆ ವಾಪಸ್ ಬಂದು, ಅದನ್ನೇ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ ರಸೀದಿ ಇಟ್ಟುಕೊಂಡೆ.

ಆ ರಸೀದಿ ಜೋಡಿಸಿ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೆ ದೂರು ಕೊಟ್ಟೆ, ನನ್ನ ಪ್ರತಿಗೆ ಸೀಲು, ದಿನಾಂಕ ಹಾಕಿಸಿಕೊಂಡೆ. ದೂರಿನಲ್ಲಿ ಶಿಕ್ಷಣ ಹಕ್ಕು ಕಾಯ್ದೆಯ ಎರಡು ಸೆಕ್ಷನ್ ಹೆಸರಿಸಿದ್ದೆ. ಸೆಕ್ಷನ್ 13ರ ಪ್ರಕಾರ ಪ್ರವೇಶಕ್ಕೆ ಮಗುವನ್ನಾಗಲಿ, ಅಪ್ಪ ಅಮ್ಮನನ್ನಾಗಲಿ ಪರೀಕ್ಷೆ ಮಾಡುವಂತಿಲ್ಲ. ಮಾಡಿದರೆ ಮೊದಲ ಸಲ 25,000 ರೂಪಾಯಿವರೆಗೆ, ಆಮೇಲೆ ಪ್ರತಿ ಸಲ 50,000 ರೂಪಾಯಿವರೆಗೆ ದಂಡ. ಸೆಕ್ಷನ್ 32ರ ಪ್ರಕಾರ ಇಬ್ಬರ ಮಾತನ್ನೂ ಕೇಳಿ ಮೂರು ತಿಂಗಳೊಳಗೆ ದೂರು ತೀರ್ಮಾನಿಸಬೇಕು. ತೀರ್ಮಾನ ಸರಿಯಿಲ್ಲ ಅನಿಸಿದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಹಾಕಬಹುದು.

"ಅನ್ಯಾಯ ಆಗಿದೆ" ಅಂತ ಎರಡು ಪುಟ ಬರೆಯೋದಕ್ಕಿಂತ ಈ ಎರಡು ನಂಬರ್ ಜಾಸ್ತಿ ಕೆಲಸ ಮಾಡಿತು ಅಂತ ನನಗನಿಸುತ್ತೆ. ವಿಚಾರಣೆಗೆ ಬಂದ ಶಾಲೆಯವರು ಇಂಗ್ಲಿಷ್ ಮಾತೇ ಎತ್ತಲಿಲ್ಲ, "ಸೀಟು ಭರ್ತಿಯಾಗಿದೆ" ಅಂದರು. ಅಧಿಕಾರಿ ದಾಖಲಾತಿ ರಿಜಿಸ್ಟರ್ ತರಿಸಿದರು. ಆರ್‌ಟಿಇ ಪಟ್ಟಿಯಲ್ಲಿ ಮಗಳ ಹೆಸರಿತ್ತು, ಅದರ ಎದುರು ಜಾಗ ಖಾಲಿ ಇತ್ತು. ಸೇರಿಸಿಕೊಳ್ಳಲು ಲಿಖಿತ ಆದೇಶ ಬಂತು. ಅಷ್ಟರಲ್ಲಿ ಶಾಲೆ ಶುರುವಾಗಿತ್ತು, ಮೂರು ತಿಂಗಳ ಅವಧಿ ಅಂದರೆ ಇದೇ ತೊಂದರೆ ನೋಡಿ. ಅದಕ್ಕೆ ನಿರಾಕರಿಸಿದ ವಾರದಲ್ಲೇ ದೂರು ಹೋಗಬೇಕು.

ಈಗ ಕೇಳುವವರಿಗೆ ನಾನು ಮೊದಲು ಹೇಳೋದು ಬೇರೆ. 2019-20ರಿಂದ ಕರ್ನಾಟಕದಲ್ಲಿ ನಿಯಮ ಬದಲಾಗಿ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅಲ್ಲಿನ ಖಾಸಗಿ ಶಾಲೆ ಈ ಸೀಟು ಕೊಡಬೇಕಿಲ್ಲ. ಹಾಗಾಗಿ ಸೀಟು ತುಂಬಾ ಕಮ್ಮಿ. ಅಲ್ಪಸಂಖ್ಯಾತ ಸಂಸ್ಥೆಗಳಿಗೂ 2014ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಈ ಕಾಯ್ದೆ ಅನ್ವಯಿಸಲ್ಲ. ಶಾಲೆ ಇಲಾಖೆಯ ಆರ್‌ಟಿಇ ಪಟ್ಟಿಯಲ್ಲಿದೆಯಾ ಅಂತ ನೋಡಿಕೊಳ್ಳಿ. ಪಟ್ಟಿಯಲ್ಲೇ ಇಲ್ಲದ ಶಾಲೆಯ ಮೇಲೆ ದೂರು ಕೊಟ್ಟರೆ ಅದು ನಿಲ್ಲಲ್ಲ.